ಊರು ಎಲ್ಲಿ ಬಂತು?

ಕೊರಿಯರ್ ಹುಡುಗ ಫೋನ್ ಮಾಡಿದ. "ಸಾರ್, ನಿಮ್ಮ ಊರಿಗೆ ಬಂದಿದೀನಿ. ಇಲ್ಲಿ ಊರೇ ಇಲ್ಲ."

ಮ್ಯಾಪು ಅವನನ್ನು ಯಾರದೋ ಗದ್ದೆ ಬದುವಿಗೆ ತಂದು ನಿಲ್ಲಿಸಿತ್ತು. ಅಲ್ಲಿಂದ ದಣಪೆ ದಾಟಿ, ಸಂಕ ದಾಟಿ, ಗುಡ್ಡದ ಮಗ್ಗುಲಲ್ಲಿ ತಿರುಗಿ ಬಾ ಎಂದೆ. ಬಂದ. ಪಾರ್ಸೆಲ್ ಕೊಟ್ಟು, ಚಪ್ಪಲಿಯ ಕೆಸರು ನೋಡಿಕೊಂಡು, "ಎಲ್ಲರೂ ಒಂದು ಕಡೆ ಮನೆ ಕಟ್ಕೊಳ್ಳೋಕೆ ಏನಾಗಿತ್ತು ಸಾರ್? ಜಗಳಾನಾ?" ಎಂದ. ದಾವಣಗೆರೆ ಕಡೆಯವನು. ಆಮೇಲೆ ಬಹಳ ಹೊತ್ತು ಆ ಮಾತು ತಲೆ ತಿಂದಿತು.

ಅವನ ಕಡೆ ಊರೆಂದರೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಅದರಲ್ಲಿ ಅವರ ಒಗ್ಗಟ್ಟೇನೂ ಇಲ್ಲ, ನೀರಿದೆ ಅಷ್ಟೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವಲ್ಲಿ ಒಂದು ಕೆರೆ, ಒಂದು ಸಿಹಿನೀರಿನ ಬಾವಿ ಇದ್ದರೆ ಊರೆಲ್ಲ ಅದರ ಸುತ್ತ ಕೂರಲೇಬೇಕು. ಎರೆಭೂಮಿಯಾದರೆ ಇನ್ನೊಂದು ಕಾರಣ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆಯನ್ನೂ ಬಿರಿಸುತ್ತದೆ. ಹಾಗಾಗಿ ಗಟ್ಟಿ ಮೊರಂ ಇರುವ ಚೂರು ದಿಣ್ಣೆಯಲ್ಲಿ ಎಲ್ಲರೂ ಒತ್ತಿಕೊಂಡು, ಬೆಳೆಯುವ ಮಣ್ಣನ್ನು ಬೆಳೆಗೆ ಬಿಟ್ಟರು.

ಮಲೆನಾಡಿನವರಾದ ನಮಗೆ ಬಾವಿ ಸುತ್ತ ಕೂರುವ ಗರಜೇ ಇಲ್ಲ. ಆಗುಂಬೆಯಲ್ಲಿ 7000 ಮಿಲಿಮೀಟರ್ ಸುರಿಯುತ್ತದೆ. ಅಷ್ಟಿಲ್ಲದ ಕಡೆಯೂ ಕಣಿವೆಗೊಂದು ಒರತೆ. ನಮಗೆ ಅಭಾವ ಇರುವುದು ಸಮತಟ್ಟು ಜಾಗಕ್ಕೆ. ಒಂದು ಕಣಿವೆಯಲ್ಲಿ ಎರಡು ಮೂರು ಎಕರೆ ತೋಟ ಹಿಡಿಸಿದರೆ ಹೆಚ್ಚು, ಆಮೇಲೆ ಗುಡ್ಡ ಎದ್ದೇಬಿಡುತ್ತದೆ. ತೋಟ ಇದ್ದಲ್ಲಿ ಮನೆ. ಮುಂದಿನ ತೋಟ ಮುಂದಿನ ಕಣಿವೆಯಲ್ಲಿ, ಆ ಮನೆಯೂ ಅಲ್ಲೇ.

ಮನೆ ಕೂರುವ ಜಾಗವೂ ಸುಮ್ನೆ ಅಲ್ಲ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ, ಅದರ ಕೆಳಗೆ ಗದ್ದೆ, ಕೊನೆಗೆ ಹಳ್ಳ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಇಳಿಯಬೇಕು, ಗೊಬ್ಬರವಾಗಿ ತೋಟಕ್ಕೆ ಇಳಿಯಬೇಕು, ಅಡಿಕೆ ಗೊನೆ ಅಂಗಳಕ್ಕೆ ಹತ್ತಬೇಕು. ಎಲ್ಲವೂ ತಲೆಹೊರೆ. ಹಾಗಾಗಿ ಮನೆ ಬೆಟ್ಟಕ್ಕೂ ತೋಟಕ್ಕೂ ನಡುವೆ, ಇಳಿಜಾರಿನಲ್ಲಿ. ಮೇಲಿನ ಒರತೆಯ ನೀರು ಅಡಿಕೆ ದಂಬೆಯಲ್ಲಿ ತಾನಾಗೇ ಬಚ್ಚಲಿಗೆ ಬರುತ್ತಿತ್ತು.

ಇದನ್ನೆಲ್ಲ ನಂಬದವನು ನಮ್ಮ ದೊಡ್ಡಪ್ಪನ ಮಗ. ಬೆಂಗಳೂರಲ್ಲಿ ನಿವೃತ್ತನಾಗಿ ಬಂದವನಿಗೆ ಕಣ್ಣಿಗೆ ಬಿದ್ದದ್ದು ಕೆಳಗಿನ ಗದ್ದೆ. "ಎಷ್ಟು ಚಪ್ಪಟೆ ನೋಡೋ, ಸೈಟ್ ಇದ್ದ ಹಾಗೆ! ಅಜ್ಜನಿಗೆ ಬುದ್ಧಿ ಇರಲಿಲ್ಲ." ಅತ್ತೆ ಕೋಲೂರಿಕೊಂಡು ಹೋಗಿ ನೋಡಿ ಬಂದರು. "ಏಪ್ರಿಲ್‌ನಲ್ಲೂ ಹುಲ್ಲು ಹಸಿರಿದೆ, ಬದುವಿನಲ್ಲಿ ಏಡಿ ಬಿಲ ಇದೆ. ಅಲ್ಲಿ ನೀರು ಕೂತಿದೆ ಮಾರಾಯ" ಎಂದರು. ಅವನು ನಕ್ಕ. ಮೂರು ಅಡಿ ಮಣ್ಣು ಹಾಕಿಸಿ, ವಿಟ್ರಿಫೈಡ್ ಟೈಲ್ಸ್ ಹಾಸಿ, ಗೃಹಪ್ರವೇಶಕ್ಕೆ ಹೋಳಿಗೆ ಊಟ ಹಾಕಿಸಿದ. ಹೋಳಿಗೆ ಚೆನ್ನಾಗಿತ್ತು.

ಆರಿದ್ರಾ ಮಳೆಯವರೆಗೆ ಏನೂ ಆಗಲಿಲ್ಲ. ಪುನರ್ವಸುವಿನಲ್ಲಿ ಟೈಲ್ಸ್ ಸಂದಿ ಒಸರಲು ಶುರುವಾಯಿತು. ಸೂರು ಸೋರುತ್ತಿರಲಿಲ್ಲ, ನೆಲ ಸೋರುತ್ತಿತ್ತು. ಗುಡ್ಡದ ಜಂಬಿಟ್ಟಿಗೆ ಕುಡಿದ ಮಳೆಯೆಲ್ಲ ಒಳಗೊಳಗೇ ಇಳಿದು, ಬುಡದ ಜೇಡಿಮಣ್ಣು ತಡೆದಲ್ಲಿ ಮೇಲೆದ್ದು ಬರುತ್ತದೆ. ಆ ಜಾಗ ಗದ್ದೆಯಾದದ್ದೇ ಅದಕ್ಕೆ. ಪುಷ್ಯ ಮಳೆ ಹೊತ್ತಿಗೆ ಪಾಯಿಖಾನೆಯ ಇಂಗುಗುಂಡಿ ಇಂಗುವುದು ಬಿಟ್ಟು ಉಕ್ಕಲು ಹಿಡಿಯಿತು. ನೀರೇ ತುಂಬಿದ ನೆಲಕ್ಕೆ ಇನ್ನೆಲ್ಲಿಂದ ಇಂಗೀತು? ಅವನ ಹೆಂಡತಿ ದಿನಕ್ಕೆರಡು ಸಲ, ಕೊಡೆ ಹಿಡಿದು, ಗುಡ್ಡ ಹತ್ತಿ ನಮ್ಮನೆಗೆ ಬರುತ್ತಿದ್ದರು. ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ಪ್ರತಿ ಸಲವೂ ಗಟ್ಟಿಯಾಗಿ, "ಅಂತೂ ನೆಂಟರು ಬಂದು ಹೋಗಿ ಮಾಡೋ ಹಾಗಾಯ್ತು" ಎನ್ನುತ್ತಿದ್ದರು. ಅತ್ತೆಯ ನಾಲಿಗೆ ಅಂಥದ್ದು.

ಈಗ ಅವನು ಹೊಸ ಮನೆಗೆ ಡಾಂಬರು ರಸ್ತೆಯ ಪಕ್ಕ ಜಾಗ ನೋಡಿದ್ದಾನೆ. ಎಲ್ಲರೂ ಅಲ್ಲಿಗೇ ಇಳಿಯುತ್ತಿದ್ದಾರೆ. ಬೋರ್‌ವೆಲ್ ಬಂದ ಮೇಲೆ ಒರತೆ ಬೇಡ, ಗೊಬ್ಬರ ಲಾರಿಯಲ್ಲಿ ಬರುತ್ತದೆ, ಬಸ್ಸು ಮಾತ್ರ ಬೇಕೇ ಬೇಕು. ಆದರೆ ನಮ್ಮ ರಸ್ತೆಗೆ ಒಂದು ಪಕ್ಕ ಹಳ್ಳ, ಇನ್ನೊಂದು ಪಕ್ಕ ಗುಡ್ಡದ ಧರೆ. ನಡುವೆ ಒಂದೇ ಮನೆಯ ಅಗಲ. ಹಿಂದೆ ಬೆಳೆಯಲು ಜಾಗವಿಲ್ಲ, ಮುಂದೆ ರಸ್ತೆ, ಹಾಗಾಗಿ ಊರು ಉದ್ದಕ್ಕೇ ಬೆಳೆಯುತ್ತದೆ. ಜಾಗ ಸಾಲದವರು ಜೆಸಿಬಿ ತರಿಸಿ ಧರೆಯನ್ನು ನೆಟ್ಟಗೆ ಕಡಿಯುತ್ತಾರೆ. ಬುಡ ಕಡಿದ ಗುಡ್ಡ ಮಳೆಗೆ ನೆನೆದು ತೂಕ ಬಂದಾಗ ಅಡುಗೆಮನೆಗೇ ಬರುತ್ತದೆ. ಕಡಿದ ಅಂಚಿನ ಮೇಲೆ ನೆಲದಲ್ಲಿ ಬಿರುಕು ಕಂಡರೆ, ಮರ ವಾಲಿದರೆ, ಆ ರಾತ್ರಿ ಅಲ್ಲಿ ಮಲಗಬಾರದು ಎಂದು ಅವನಿಗೆ ಹೇಳಿದ್ದೇನೆ.

"ರಿಟೇನಿಂಗ್ ವಾಲ್ ಕಟ್ಟಿಸ್ತೀನಿ ಬಿಡೋ" ಎಂದ. ನೀರು ಹೊರಬರಲು ಗೋಡೆಯಲ್ಲಿ ತೂತು ಬಿಡಿಸು ಎಂದೆ. ಗೋಡೆ ಅಂದ ಕೆಡುತ್ತದಂತೆ.