ಬೈಯುವ ಮ್ಯಾನೇಜರ್‌ಗೆ ಬೇರೆ ಕಾನೂನು ಬೇಕಾ?

ಪರ: ಗೇಟಿನ ಬಿಸಿಲಿಗೆ ಯಾವ ಕಲಂ?

ಕಲಬುರಗಿ ರಿಂಗ್ ರೋಡಿನಲ್ಲಿ ಒಂದು ಬೈಕ್ ಶೋರೂಂ ಇದೆ. ಹೆಸರು ಬೇಡ. ನಮ್ಮ ಓಣಿಯ ಹುಡುಗ ಅಲ್ಲಿ ಸರ್ವಿಸ್ ಕೌಂಟರಿನಲ್ಲಿ ಜಾಬ್ ಕಾರ್ಡ್ ಬರೀತಾನೆ. ಗಾಡಿ ನಂಬರ್, ಎಷ್ಟು ಕಿಲೋಮೀಟರ್ ಓಡಿದೆ, ಏನು ದೂರು, ಎಷ್ಟು ಹೊತ್ತಿಗೆ ಕೊಡ್ತೀವಿ, ಇಷ್ಟೇ ಅವನ ಕೆಲಸ. ಸಂಬಳ 15,000.

ಗಾಡಿ ತಗೊಂಡು ಹೋದ ಗಿರಾಕಿಗೆ ಕಂಪನಿಯಿಂದ ಫೋನ್ ಬರುತ್ತದೆ, ಐದಕ್ಕೆ ಎಷ್ಟು ಸ್ಟಾರ್ ಅಂತ. ಮೇ ತಿಂಗಳಲ್ಲಿ ಒಬ್ಬರು ಎರಡು ಕೊಟ್ಟರು. ಮರುದಿನ ಮಧ್ಯಾಹ್ನ ಮ್ಯಾನೇಜರ್ ಈ ಹುಡುಗನ ಕೈಗೆ ಪಾಂಪ್ಲೆಟ್ ಕಟ್ಟು ಕೊಟ್ಟು ಗೇಟಿನಲ್ಲಿ ನಿಲ್ಲಿಸಿದ. ನಮ್ಮೂರಿನ ಮೇ ಬಿಸಿಲು ಗೊತ್ತಲ್ವಾ? ಒಂದೂವರೆಯಿಂದ ಮೂರರವರೆಗೆ ನಿಂತ. ಫೋಟೋ ತೆಗೆದು ಸ್ಟಾಫ್ ವಾಟ್ಸಾಪ್ ಗುಂಪಿಗೆ ಹಾಕಿದರು, ಕೆಳಗೆ ‘ಇವತ್ತಿನ ಹೀರೋ’ ಅಂತ ಬರೆದು. ಸಂಬಳದಲ್ಲಿ 500 ಕಟ್. ಆ ತಿಂಗಳು ಹೀಗೆ ಮೂರು ಸಲ ಆಯಿತು.

ಅವನು ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: “ಅಕ್ಕಾ, ಹೊಡದಿದ್ರ ಗಾಯ ತೋರಸ್ತಿದ್ದೆ. ಇದನ್ನ ಯಾರಿಗೆ ಹ್ಯಾಂಗ ತೋರಸ್ಲಿ?”

ನಾನು ಕೂತು ಹುಡುಕಿದೆ. 2013ರ ಪಾಶ್ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಮಾತ್ರ, ಅದೂ ದೂರು ಕೊಡುವವರು ಹೆಣ್ಣಾಗಿದ್ದರೆ. ಇಲ್ಲಿ ಎರಡೂ ಇಲ್ಲ. ಪೊಲೀಸ್ ಠಾಣೆಗೆ ಹೋದರೆ? ಭಾರತೀಯ ನ್ಯಾಯ ಸಂಹಿತೆಯಲ್ಲಿ 352ನೇ ಕಲಂ ಇದೆ, ಬೇಕಂತಲೇ ಅವಮಾನ ಮಾಡಿ ಶಾಂತಿ ಕದಡುವಂತೆ ಕೆರಳಿಸುವುದು. ಮೊದಲು ಅದು ಐಪಿಸಿ 504. ಆದರೆ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕೆಲಸದ ವಿಷಯಕ್ಕೆ ಮೇಲಧಿಕಾರಿ ಗದರಿದರೆ ಅದು ಈ ಅಪರಾಧ ಆಗಲ್ಲ. 351ನೇ ಕಲಂಗೆ ಬೆದರಿಕೆ ಬೇಕು. ಈ ಮ್ಯಾನೇಜರ್ ಬೆದರಿಸಲೇ ಇಲ್ಲ, ನಗ್ತಾ ನಿಲ್ಲಿಸಿದ. ಮಾನನಷ್ಟಕ್ಕೆ 356 ಇದೆ. ಆದರೆ ಅದಕ್ಕೆ ನಾವೇ ವಕೀಲರನ್ನು ಇಟ್ಟುಕೊಂಡು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಹಾಕಬೇಕು. ‘ಹೀರೋ’ ಅನ್ನೋ ಪದದಿಂದ ಮಾನ ಹೋಯಿತು ಅಂತ ವಾದಿಸಿ ನೋಡಿ!

500 ರೂಪಾಯಿ ಕಟ್ ಮಾಡಿದ್ದಕ್ಕೆ ಕಾನೂನು ಇದೆ, ಒಪ್ಪುತ್ತೇನೆ. ರಾತ್ರಿ ಎಂಟರವರೆಗೆ ಕೂರಿಸಿದ್ದಕ್ಕೂ ಇದೆ. ಕೈ ಹಾಕಿದ್ದು ದುಡ್ಡಿಗೆ, ಗಂಟೆಗೆ ಆದರೆ ಕಾನೂನು ಹಿಡಿಯುತ್ತದೆ. ಗೇಟಿನಲ್ಲಿ ಕಳೆದ ಆ ಒಂದೂವರೆ ಗಂಟೆಗೆ ಯಾವ ಕಲಂ?

ಕುಂದುಕೊರತೆ ಸಮಿತಿ ಇದೆಯಲ್ಲ ಅಂತಾರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ, 20 ಅಥವಾ ಜಾಸ್ತಿ ಕಾರ್ಮಿಕರು ಇರುವ ಕಡೆ ಅದು ಇರಲೇಬೇಕು. ಈ ಶೋರೂಂನಲ್ಲಿ 23 ಜನ ಇದ್ದಾರೆ. ಆದರೆ ಸಮಿತಿ ಅಂದರೆ ಅರ್ಧ ಜನ ಮಾಲೀಕರ ಕಡೆಯವರು, ಅರ್ಧ ಕಾರ್ಮಿಕರ ಕಡೆಯವರು. ಮಾಲೀಕರ ಕಡೆಯಿಂದ ಕೂರೋದು ಯಾರು? ಅದೇ ಮ್ಯಾನೇಜರ್, ಇಲ್ಲಾ ಅವನ ಜೊತೆ ದಿನಾ ಚಹಾ ಕುಡಿಯುವವರು. ಅಲ್ಲಿ ಸೋತರೆ ಮುಂದೆ ಸಂಧಾನಾಧಿಕಾರಿ ಹತ್ತಿರ ಹೋಗಬಹುದು, ಆದರೆ ಸದಸ್ಯರಾಗಿರುವ ಯೂನಿಯನ್ ಮೂಲಕ. ಬೈಕ್ ಶೋರೂಂನಲ್ಲಿ ಯೂನಿಯನ್ನಾ?

ಇನ್ನೊಂದು ವಿಷಯ. ಆ ಶೋರೂಂನ ಫ್ಲೋರ್ ಇನ್‌ಚಾರ್ಜ್ ಸಂಬಳ 22,000. ಅವರಿಗೂ ಇದೇ ಪಾಡು. ಮೇಲ್ವಿಚಾರಣೆ ಕೆಲಸ ಮಾಡುತ್ತಾ ತಿಂಗಳಿಗೆ 18,000ಕ್ಕಿಂತ ಜಾಸ್ತಿ ಪಡೆಯುವವರು ಈ ಸಂಹಿತೆಯಲ್ಲಿ ‘ಕಾರ್ಮಿಕ’ರೇ ಅಲ್ಲ. ಅವರಿಗೆ ಸಮಿತಿಯ ಬಾಗಿಲೂ ಇಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲೇ 190ನೇ ಒಪ್ಪಂದ ಮಾಡಿತು. ಕೆಲಸದ ಜಾಗದ ಕಿರುಕುಳ ಅಂದರೆ ಮನಸ್ಸಿಗೆ ಆಗುವ ಹಾನಿಯೂ ಸೇರಿತು ಅಂತ ಅದು ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿ ಒಪ್ಪಿಕೊಂಡಿಲ್ಲ. ನಾನು ಜೈಲು ಕೇಳ್ತಿಲ್ಲ. ಕೆಲಸಕ್ಕೆ ಬೇಕಿಲ್ಲದ ಅವಮಾನ, ಮತ್ತೆ ಮತ್ತೆ, ನಾಲ್ಕು ಜನರ ಮುಂದೆ ಮಾಡಿದರೆ ಅದು ತಪ್ಪು ಅಂತ ಕಾನೂನಿನಲ್ಲಿ ಬರೆಯಲಿ. ವಿಚಾರಣೆಗೆ ಹೊರಗಿನ ಒಬ್ಬರು ಕೂರಲಿ. ಪಾಶ್ ಸಮಿತಿಗೆ ಹೊರಗಿನವರು ಬೇಕು ಅಂತ ಇದೆ ತಾನೆ? ಅದನ್ನೇ ಇಲ್ಲೂ ಕೇಳ್ತಿದ್ದೇನೆ.

ವಿರೋಧ: ಮೊದಲು ಸಂಬಳದ ಚೀಟಿ ತೆಗೆಯಿರಿ

ನಾನು ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಮಿಕರ ಜೊತೆ ಬಹಳ ವರ್ಷ ಓಡಾಡಿದವನು. ಈಗಲೂ ಯಾರಾದರೂ ಬಂದರೆ ಅರ್ಜಿ ಬರೆದುಕೊಡ್ತೇನೆ. ಆ ಶೋರೂಂ ಹುಡುಗನೂ ಬಂದಿದ್ದ. “ಕಾಕಾ, ನನ್ ಮರ್ಯಾದಿ ತಗದಾನ್ರಿ” ಅಂತ ಶುರು ಮಾಡಿದ. ನಾನು ಅಂದೆ, ಮರ್ಯಾದೆ ಆಮೇಲೆ ನೋಡೋಣ, ಮೊದಲು ಸಂಬಳದ ಚೀಟಿ ತೋರಿಸು.

ಕಲ್ಲು ಹೃದಯ ಅಂತ ಅನ್ನಿಸಬಹುದು. ಆದರೆ ಅವಮಾನ ಮಾಡುವ ಮ್ಯಾನೇಜರ್ ಬರೀ ಅವಮಾನ ಮಾಡಿ ಬಿಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಅವನ ಕೈ ದುಡ್ಡಿಗೋ, ರಜೆಗೋ, ವರ್ಗಾವಣೆಗೋ ಹೋಗಿಯೇ ಹೋಗುತ್ತದೆ. ಅಲ್ಲೇ ಅವನು ಸಿಕ್ಕಿಬೀಳುವುದು.

ಚೀಟಿಯಲ್ಲಿ ‘ಇತರೆ ಕಡಿತ 1,500’ ಅಂತ ಇತ್ತು. ವೇತನ ಸಂಹಿತೆ ಪ್ರಕಾರ ದಂಡ ಹಾಕಬೇಕಾದರೆ, ಯಾವ ತಪ್ಪಿಗೆ ದಂಡ ಅಂತ ಮೊದಲೇ ಸರ್ಕಾರದ ಒಪ್ಪಿಗೆ ಪಡೆದು ನೋಟಿಸ್ ಹಾಕಿರಬೇಕು. ಕಾರ್ಮಿಕನಿಗೆ ಕಾರಣ ಹೇಳಲು ಅವಕಾಶ ಕೊಡಬೇಕು. ಅಷ್ಟೆಲ್ಲಾ ಮಾಡಿದರೂ ತಿಂಗಳ ವೇತನದ ನೂರಕ್ಕೆ ಮೂರು ಮೀರಬಾರದು. 15,000ಕ್ಕೆ ಅದು 450. ಅಂದರೆ ಮೊದಲ 500ರಲ್ಲೇ ಮಿತಿ ದಾಟಿತ್ತು. ‘ಸ್ಟಾರ್ ಕಡಿಮೆ ಬಂತು’ ಅನ್ನುವ ತಪ್ಪು ಯಾವ ನೋಟಿಸ್ ಬೋರ್ಡಿನಲ್ಲೂ ಇರಲಿಲ್ಲ. ಕಡಿತ ಮಾಡಿದ ದುಡ್ಡು ವಾಪಸ್ ಕೇಳಲು ಮೂರು ವರ್ಷ ಸಮಯ ಇದೆ. ದುಡ್ಡಿನ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಕಾನೂನಿನಲ್ಲಿದೆ.

ಆಮೇಲೆ ಗಂಟೆ. ಬೆಳಿಗ್ಗೆ 8ಕ್ಕೆ ಹೋಗಿ ರಾತ್ರಿ 8ಕ್ಕೆ ಬರ್ತಾನೆ. ಊಟಕ್ಕೆ ಒಂದು ಗಂಟೆ ತೆಗೆದರೆ 11 ಗಂಟೆ. ವಾರಕ್ಕೆ ಆರು ದಿನ, 66. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಅನ್ನುತ್ತದೆ. ಮೇಲಿನದಕ್ಕೆ ಎರಡು ಪಟ್ಟು ಕೂಲಿ. ವಾರಕ್ಕೆ 18 ಗಂಟೆಯ ಓವರ್‌ಟೈಂ ಯಾರ ಲೆಕ್ಕದಲ್ಲೂ ಇರಲಿಲ್ಲ. ಹಾಜರಿ ಮಷೀನಿನಲ್ಲಿ ಮಾತ್ರ ಇತ್ತು. ಅದರ ಮುಂದೆ ನಿಂತು ದಿನಾ ಫೋಟೋ ತೆಗೆದುಕೋ ಅಂದೆ.

ಗೇಟಿನ ಬಿಸಿಲು? ಅದಕ್ಕೇ ಕುಂದುಕೊರತೆ ಸಮಿತಿ ಇರುವುದು. ಮೇಲಿನ ಲೇಖಕರು ಒಂದು ಮಾತು ಬಿಟ್ಟಿದ್ದಾರೆ. ಸಮಿತಿಯ ತೀರ್ಮಾನ ಬಹುಮತದ್ದಾದರೂ ಸಾಲದು, ಕಾರ್ಮಿಕ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿರಬೇಕು. ಇಲ್ಲದಿದ್ದರೆ ತೀರ್ಮಾನವೇ ಆಗಿಲ್ಲ ಅಂತ ಲೆಕ್ಕ. ಮಾಲೀಕರ ಕಡೆಯವರು ಸುಮ್ನೆ ಕೂತು ಮುಚ್ಚಿಹಾಕಲು ಆಗಲ್ಲ. ಅರ್ಜಿಗೆ ಒಂದು ವರ್ಷ ಸಮಯ, ಮುಗಿಸಲು 30 ದಿನ. ಹಾಗಂತ ‘ಮ್ಯಾನೇಜರ್ ಕಿರುಕುಳ ಕೊಡ್ತಾರೆ’ ಅಂತ ಬರೆದ ಅರ್ಜಿ ಎಲ್ಲಿಗೂ ಹೋಗಲ್ಲ. ಹುಡುಗ ಮೊದಲು ಹಾಗೇ ಬರೆದು ತಂದಿದ್ದ. ಹರಿದು ಮತ್ತೆ ಬರೆಸಿದೆ. ಯಾವ ದಿನ, ಎಷ್ಟು ಹೊತ್ತು, ಏನಂದರು, ಅದೇ ಪದ, ಪಕ್ಕದಲ್ಲಿ ಯಾರಿದ್ದರು. ವಾಟ್ಸಾಪ್ ಫೋಟೋವನ್ನು ಮ್ಯಾನೇಜರ್ ರಾತ್ರಿ ಅಳಿಸಿದ್ದ. ಪುಣ್ಯಕ್ಕೆ ವಾಷಿಂಗ್ ಸೆಕ್ಷನ್ ಹುಡುಗನ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇತ್ತು. ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿಸಿ ತನ್ನದೇ ಮೇಲ್‌ಗೆ ಕಳಿಸಿಟ್ಟ. ಅರ್ಜಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಂಡ. ಅವರು ಸಹಿ ಹಾಕದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡು ಅಂತಲೂ ಹೇಳಿದ್ದೆ.

ಜಾತಿ ಹಿಡಿದು ಬೈದಿದ್ದರೆ ದಾರಿಯೇ ಬೇರೆ. ಬೈಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಬೈದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಇಬ್ಬರೇ ಇದ್ದಾಗ ಅಂದಿದ್ದಕ್ಕೆ ಆ ಕೇಸ್ ನಿಲ್ಲುವುದು ಕಷ್ಟ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಅರ್ಜಿ ಕೊಟ್ಟು ಒಂದು ವಾರಕ್ಕೆ ಹುಡುಗನಿಗೆ ಬೀದರ್ ಶಾಖೆಗೆ ವರ್ಗ ಅಂತ ಚೀಟಿ ಬಂತು. ನನಗೆ ಆಶ್ಚರ್ಯ ಆಗಲಿಲ್ಲ. ಇದು ಹಳೇ ಆಟ. ಆಡಳಿತದ ನೀತಿ ಅಂತ ನೆಪ ಮಾಡಿ ದುರುದ್ದೇಶದಿಂದ ವರ್ಗ ಮಾಡುವುದು ಅನುಚಿತ ಕಾರ್ಮಿಕ ಪದ್ಧತಿ ಅಂತ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪಟ್ಟಿಯಲ್ಲೇ ಇದೆ. ದುರುದ್ದೇಶ ತೋರಿಸುವುದು ಹೇಗೆ? ಎರಡು ಕಾಗದ ಅಕ್ಕಪಕ್ಕ ಇಡಬೇಕು. ಅರ್ಜಿ ಸ್ವೀಕರಿಸಿದ್ದು 4ನೇ ತಾರೀಖು, ವರ್ಗ 11ನೇ ತಾರೀಖು. ನಾಲ್ಕು ವರ್ಷದಲ್ಲಿ ಜಾಬ್ ಕಾರ್ಡ್ ಬರೆಯುವ ಯಾರನ್ನೂ ಆ ಶೋರೂಂ ಬೇರೆ ಊರಿಗೆ ಕಳಿಸಿರಲಿಲ್ಲ. ಅದನ್ನೂ ಬರೆದೆವು.

ಹೊಸ ಕಾನೂನು ಯಾಕೆ ಬೇಡ ಅಂತೀನಿ ಗೊತ್ತಾ? ಈ ಶೋರೂಂನಲ್ಲಿ ಸಮಿತಿಯೇ ಇರಲಿಲ್ಲ. ಅರ್ಜಿ ಹೋದ ಮೇಲೆ ಅವಸರದಲ್ಲಿ ರಚನೆ ಆಯಿತು. ಇರುವ ಸಮಿತಿಯನ್ನೇ ಮಾಡದವರು ಹೊಸದನ್ನು ಮಾಡ್ತಾರಾ? ಮತ್ತೆ ‘ಅವಮಾನ’ ಅನ್ನುವುದನ್ನು ಎಲ್ಲಿ ಅಳೀತೀರಿ? ಬ್ರೇಕ್ ಸರಿಯಾಗಿ ಬಿಗಿಯದೆ ಗಾಡಿ ಹೊರಗೆ ಬಿಟ್ಟ ಮೆಕ್ಯಾನಿಕ್‌ಗೆ ಎಲ್ಲರ ಮುಂದೆ ಕೂಗಿದ ಫೋರ್‌ಮನ್‌ನನ್ನೂ ನಾನು ನೋಡಿದ್ದೇನೆ. ಅವನು ಕೂಗಿದ್ದು ಸರಿ. ಸುಪ್ರೀಂ ಕೋರ್ಟ್ ಗದರಿಕೆಯನ್ನು ಅಪರಾಧ ಮಾಡದೆ ಬಿಟ್ಟಿದ್ದು ಇದಕ್ಕೇ.

ಇನ್ನೊಂದು. ಸ್ಟಾರ್ ಕಡಿಮೆ ಬಂದರೆ ಶೋರೂಂಗೆ ಬರುವ ಕಮಿಷನ್ ಕಡಿಮೆ ಮಾಡುವುದು ಮೇಲಿನ ಕಂಪನಿ. ಹೊಸ ಕಾನೂನು ಬಂದರೆ ಹಿಡಿಯುವುದು 30,000 ಸಂಬಳದ ಮ್ಯಾನೇಜರ್‌ನನ್ನು. ಮೇಲಿನವರು ಬೇರೊಬ್ಬನನ್ನು ತಂದು ಕೂರಿಸ್ತಾರೆ.

ಒಂದು ವಿಷಯದಲ್ಲಿ ಮಾತ್ರ ಅವರ ಜೊತೆ ಇದ್ದೇನೆ. 18,000ದ ಗೆರೆ ತಪ್ಪು. ಫ್ಲೋರ್ ಇನ್‌ಚಾರ್ಜ್ ಅನ್ನುವುದು ಹೆಸರಿಗೆ ಮಾತ್ರ ಇದ್ದು ದಿನವಿಡೀ ಬಿಲ್ ಬರೆಯುತ್ತಿದ್ದರೆ, ಪದನಾಮ ಬಿಟ್ಟು ಕೆಲಸ ನೋಡಿ ಅಂತ ವಾದಿಸಬಹುದು, ಅದು ಕೋರ್ಟಿನಲ್ಲಿ ನಿಲ್ಲುತ್ತದೆ. ನಿಜವಾಗಿಯೂ ಮೇಲ್ವಿಚಾರಣೆ ಮಾಡುವವರಿಗೆ ಆ ದಾರಿ ಇಲ್ಲ. ಯೂನಿಯನ್ ಬೇಕು ಅನ್ನುವುದಕ್ಕೆ ಉತ್ತರ ಸುಲಭ: ಸದಸ್ಯನಾಗು. ಹುಡುಗ ಆಗಿದ್ದಾನೆ.

ಸಮಿತಿ ಎರಡು ಸಲ ಕೂತಿತು. 1,500 ವಾಪಸ್ ಬಂತು. ವರ್ಗದ ಚೀಟಿ ಹಿಂದಕ್ಕೆ ಹೋಯಿತು. ಓವರ್‌ಟೈಂ ಅರ್ಜಿ ಕಾರ್ಮಿಕ ಇಲಾಖೆಯಲ್ಲಿದೆ. ಮ್ಯಾನೇಜರ್ ಕ್ಷಮೆ ಕೇಳಲಿಲ್ಲ, ಕೇಳಿಸುವ ಅಧಿಕಾರ ಸಮಿತಿಗೂ ಇಲ್ಲ. ಹೋದ ವಾರ ಮತ್ತೊಬ್ಬ ಗಿರಾಕಿ ಎರಡು ಸ್ಟಾರ್ ಕೊಟ್ಟರಂತೆ. ಮ್ಯಾನೇಜರ್ ಪಾಂಪ್ಲೆಟ್ ಕಟ್ಟು ಎತ್ತಿದ, ಹುಡುಗನ ಮುಖ ನೋಡಿದ, ಮತ್ತೆ ಕಪಾಟಿನಲ್ಲಿಟ್ಟ.