ಆರು ತಂಡ, ನಾಲ್ಕು ಹುಲಿ, ಒಂದು ಸಿಂಹ

ನಮ್ಮೂರಿಗೂ ಕಬಡ್ಡಿ ಲೀಗ್ ಬಂತು. ಹೊನಲು ಬೆಳಕು, ಬಾಡಿಗೆ ಮ್ಯಾಟ್, ಕೊನೆ ದಿನ ಬಾಡೂಟ. ಆಟಗಾರರು ಎರಡೇ ದಿನದಲ್ಲಿ ಸಿಕ್ಕರು. ತಂಡಗಳಿಗೆ ಹೆಸರು ಸಿಗಲು ಮಾತ್ರ ಮೂರು ವಾರ ಬೇಕಾಯಿತು. ಆರು ತಂಡಕ್ಕೆ ಹೆಸರಿಡಲು ಹನ್ನೊಂದು ಜನರ ಸಮಿತಿ ಮಾಡಿದ್ದರು. ಅದರಲ್ಲಿ ನಾನೂ ಒಬ್ಬ. ನನ್ನ ಕೆಲಸ ಕಾಗುಣಿತ ನೋಡಿಕೊಳ್ಳುವುದು.

ಮೊದಲು ಹುಡುಗರೇ ಹೆಸರು ಬರೆದುಕೊಟ್ಟರು. ನಾಲ್ಕು ತಂಡ ಟೈಗರ್ಸ್, ಒಂದು ಲಯನ್ಸ್, ಇನ್ನೊಂದು ಕಿಲ್ಲರ್ ಬಾಯ್ಸ್. ನಮ್ಮದು ಮಂಡ್ಯ ಜಿಲ್ಲೆಯ ನಾಲೆ ಬಯಲು. ಇಲ್ಲಿ ಹುಲಿ ಇರುವುದು ಬೀಡಿ ಕಟ್ಟಿನ ಮೇಲೆ. ಸಿಂಹ ನೋಡಬೇಕಾದರೆ ಗುಜರಾತಿನ ಗಿರ್ ಕಾಡಿಗೆ ಹೋಗಬೇಕು, ಇಲ್ಲಾ ಮೈಸೂರು ಝೂಗೆ. ಕಿಲ್ಲರ್ ಬಾಯ್ಸ್ ತಂಡದ ನಾಯಕ ಹಾಲಿನ ಡೇರಿಯಲ್ಲಿ ಕ್ಯಾನ್ ತೊಳೆಯುವ ಹುಡುಗ. ಕೋಳಿ ಕೊಯ್ಯುವಾಗ ಆ ಕಡೆ ಮುಖ ಮಾಡಿಕೊಂಡು ನಿಲ್ಲುತ್ತಾನೆ.

ಸಮಿತಿ ಇದನ್ನೆಲ್ಲ ಒಪ್ಪಲಿಲ್ಲ. "ಮೈಕ್‌ನಲ್ಲಿ ಏನಂತ ಹೇಳೋದು? ಟೈಗರ್ಸ್ ಮೇಲೆ ಟೈಗರ್ಸ್ ರೈಡು, ಟೈಗರ್ಸ್‌ಗೆ ಒಂದು ಪಾಯಿಂಟು, ಅಂತಲಾ?" ಎಂದು ಕಾಮೆಂಟ್ರಿ ಹೇಳುವವನು ಕೈ ಮುಗಿದ. ಆಗ ಒಬ್ಬ ಯುವ ಮುಖಂಡರು ಎದ್ದು, "ಪ್ರೊ ಕಬಡ್ಡಿ ನೋಡಿ ಕಲೀರಿ" ಎಂದರು. ನೋಡಿದೆವು. ಜೈಪುರದ ಹೆಸರು ಚೆನ್ನಾಗಿತ್ತು. ಅದು ಗುಲಾಬಿ ಬಣ್ಣದ ಊರು, ಪಕ್ಕದ ಝಾಲಾನಾ ಗುಡ್ಡದಲ್ಲಿ ನಿಜವಾಗಿಯೂ ಚಿರತೆಗಳಿವೆ. ಪಿಂಕ್ ಪ್ಯಾಂಥರ್ಸ್ ಅಂದರೆ ಒಪ್ಪುತ್ತೆ. ಆದರೆ ಪಟ್ನಾ ಪೈರೇಟ್ಸ್? ಗಂಗೆಯ ದಡದಲ್ಲಿ ಕಡಲ್ಗಳ್ಳರು! ಸಮುದ್ರ ಇನ್ನೂ ನೂರಾರು ಮೈಲಿ ದೂರ. ಹಾಗಿದ್ದೂ ಅವರು 2016ರಲ್ಲಿ ಎರಡು, 2017ರಲ್ಲಿ ಒಂದು, ಹೀಗೆ ಸಾಲಾಗಿ ಮೂರು ಕಪ್ ಹೊಡೆದರು. ಅಲ್ಲಿಗೆ ಹೆಸರಿಗೂ ಗೆಲುವಿಗೂ ನಂಟಿಲ್ಲ ಅನ್ನುವುದು ಖಾತ್ರಿಯಾಯಿತು. ಆದರೂ ಸಮಿತಿ ಬರಖಾಸ್ತಾಗಲಿಲ್ಲ. ಕಾಫಿ, ಬೋಂಡಾ ಲೀಗ್ ಖರ್ಚಿನಲ್ಲೇ ಬರುತ್ತಿತ್ತು.

ಎರಡನೇ ವಾರ, ಹೆಸರು ಆಯಾ ಜಾಗದ್ದೇ ಆಗಿರಬೇಕು ಎಂದು ಠರಾವಾಯಿತು. ಕೇಳಲು ಸುಲಭ. ಆದರೆ ನಮ್ಮೂರಲ್ಲಿ ಬೀದಿಗಳಿಗೆ ಇರುವ ಹೆಸರೆಲ್ಲ ಜಾತಿಯವೇ. ಮೇಲಿನ ಕೇರಿ ಅಂದರೆ ಯಾರು, ಕೆಳಗಿನ ಕೇರಿ ಅಂದರೆ ಯಾರು ಅಂತ ಮಗುವಿಗೂ ಗೊತ್ತು. "ಮೇಲಿನ ಕೇರಿ ತಂಡದವರು ಕೆಳಗಿನ ಕೇರಿಯವರನ್ನು ಆಲ್ ಔಟ್ ಮಾಡಿದರು" ಎಂದು ಮೈಕ್‌ನಲ್ಲಿ ಕೂಗಿದ ಮೇಲೆ ಎರಡನೇ ಹಾಫ್ ನಡೆಯುವುದು ಪೊಲೀಸ್ ಠಾಣೆಯಲ್ಲಿ. ಸರಿ, ದೇವರ ಹೆಸರಿಡೋಣ ಎಂದರು. ಒಂದು ತಂಡ 'ಶ್ರೀ ಮಾರಮ್ಮ ದೇವಿ ಕೃಪಾಪೋಷಿತ ಯುವಕರ ಕಬಡ್ಡಿ ಬಳಗ' ಎಂದು ಬರೆದುಕೊಟ್ಟಿತು. ಒಂದು ರೈಡಿಗೆ ಇರುವುದು 30 ಸೆಕೆಂಡು. ಕಾಮೆಂಟ್ರಿಯವನು ಹೆಸರು ಹೇಳಿ ಮುಗಿಸುವಷ್ಟರಲ್ಲಿ ರೈಡರ್ ಮುಟ್ಟಿ ವಾಪಸ್ ಬಂದು ನೀರು ಕುಡಿದಿರುತ್ತಾನೆ. ಚುಟುಕಾಗಿ 'ಮಾರಮ್ಮ' ಅಂತಿಡಿ ಎಂದರೆ ಇನ್ನೊಂದು ಕಷ್ಟ. "ಮಾರಮ್ಮ ಔಟ್" ಎಂದು ಕೂಗುವ ಧೈರ್ಯ ಯಾವ ಅಂಪೈರಿಗಿದೆ?

ಆಮೇಲೆ ನನ್ನದೇ ಒಂದು ಸಲಹೆ. ನಾಲೆಯ ಮೇಲಿನ ತೂಬಿನವರಿಗೆ 'ಮೇಲ್ತೂಬು', ಕೊನೆಯವರಿಗೆ 'ಕೊನೆತೂಬು'. ಹೇಳಿ ಮುಗಿಸಿದ ಮೇಲೆ ನೋಡುತ್ತೇನೆ, ಸಮಿತಿಯಲ್ಲೇ ಇಬ್ಬರು ಎದ್ದು ನಿಂತಿದ್ದಾರೆ. ಮೇಲಿನವರು ನೀರು ಕಟ್ಟಿಕೊಳ್ಳುತ್ತಾರೆ, ಕೊನೆಯವರ ಗದ್ದೆ ಒಣಗುತ್ತೆ. ಪ್ರತಿ ಬೇಸಿಗೆಯ ಜಗಳ ಅದು. ಮ್ಯಾಟ್ ಹಾಸುವ ಮುಂಚೆಯೇ ಆಟ ಶುರುವಾಗುತ್ತಿತ್ತು. ನಾನು ಬೋಂಡಾ ತಟ್ಟೆ ಮುಂದಕ್ಕೆ ತಳ್ಳಿ ಸುಮ್ಮನಾದೆ.

ದಾರಿ ತೋರಿಸಿದ್ದು ಬೋಂಡಾ ಕರಿಯುತ್ತಿದ್ದ ಅಜ್ಜಿ. ಮೂರು ವಾರದಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಗೆದ್ದಾಗ ಏನಂತ ಕೂಗ್ತೀರೋ ಬುಡಿ. ಸೋತ್ರೆ ಏನಂತ ಆಡ್ಕೊತಾರ್ಲಾ?" ಎಂದಳು.

ಹನ್ನೊಂದು ಜನಕ್ಕೂ ಇದು ಹೊಳೆದಿರಲಿಲ್ಲ. ಹಳ್ಳಿ ಆಟದಲ್ಲಿ ಸೋತವನನ್ನು ರೇಗಿಸದೆ ಯಾರೂ ಬಿಡುವುದಿಲ್ಲ. ರೇಗಿಸಲು ಹೆಸರಲ್ಲೇ ಏನಾದರೂ ಸಿಕ್ಕರೆ ಅದನ್ನು ಹಿಡಿಯುತ್ತಾರೆ. ಸಿಗದಿದ್ದರೆ ಅಪ್ಪ, ತಾತ, ಜಾತಿ ಅಂತ ಹುಡುಕಿಕೊಂಡು ಹೋಗುತ್ತಾರೆ. ಕಿಲ್ಲರ್ ಬಾಯ್ಸ್ ಸೋತರೆ ಏನು ಹೇಳೋದು? ಸತ್ತರು ಅಂತ. ಅದಕ್ಕೆ ಪ್ರತಿಯಾಗಿ ಒಂದು ಹೊಡೆತ. ಲಯನ್ಸ್ ಸೋತರೆ ನಾಯಿ ಅಂತಾರೆ, ಅಲ್ಲಿಗೆ ಎರಡು ಹೊಡೆತ.

ಆವತ್ತಿನಿಂದ ಪ್ರತಿ ಹೆಸರಿಗೂ ಸೋಲಿನ ಪರೀಕ್ಷೆ. ಡೇರಿ ಬೀದಿಯವರಿಗೆ 'ಹಾಲಿನ ಡೇರಿ' ಎಂದಿಟ್ಟೆವು. ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದು ಊರಿನ ಅಷ್ಟೂ ಕೇರಿಯವರು ಒಂದೇ ಸಾಲಲ್ಲಿ ನಿಲ್ಲುವ ಜಾಗ ಅದು. ಸೋತರೆ "ಫ್ಯಾಟ್ ಬರ್ಲಿಲ್ಲ" ಎನ್ನಬಹುದು. ಫ್ಯಾಟ್ ಬರಲಿಲ್ಲ ಅಂತ ಯಾರೂ ದೊಣ್ಣೆ ಎತ್ತುವುದಿಲ್ಲ, ಎಲ್ಲರ ಹಾಲಿಗೂ ಒಂದಲ್ಲ ಒಂದು ದಿನ ಆ ಮಾತು ಬಂದಿರುತ್ತೆ. ಕೆರೆ ಪಕ್ಕದವರಿಗೆ 'ಕೆರೆಕೋಡಿ'. ಗೆದ್ದರೆ ಕೋಡಿ ಬಿತ್ತು, ಸೋತರೆ ಕೆರೆ ಒಣಗಿತು. ಹುಣಸೇತೋಪಿಗೆ ಹುಳಿ, ಸಂತೆಮಾಳಕ್ಕೆ ಗಿರಾಕಿ ಇಲ್ಲದ ಸಂತೆ. ಬೆಲ್ಲ ಮಾಡುವ ಕಡೆಯವರು 'ಆಲೆಮನೆ'. ಸೋತರೆ ಪಾಕ ಕೆಟ್ಟಿತು. ಎಲ್ಲವೂ ಮೂರು ಅಕ್ಷರದಿಂದ ಐದು ಅಕ್ಷರ. ಮೈಕ್‌ನವನಿಗೆ ಉಸಿರು ಬಂತು.

ಹುಲಿ ಬೇಕೇ ಬೇಕು ಎಂದು ಕಬ್ಬಿನಗದ್ದೆ ಹುಡುಗರು ಹಟ ಹಿಡಿದರು. ಹುಲಿ ಇಲ್ಲಪ್ಪ, ಚಿರತೆ ತಗೊಳ್ಳಿ ಎಂದೆವು. ಸುಳ್ಳಲ್ಲ, ನಮ್ಮ ಕಬ್ಬಿನೊಳಗೆ ಚಿರತೆ ಮರಿ ಹಾಕುತ್ತೆ, ಕಟಾವಿನ ಹೊತ್ತಿಗೆ ಅರಣ್ಯ ಇಲಾಖೆಯವರು ಬೋನು ತಂದಿಡುತ್ತಾರೆ. ಮೊದಲ ರಾತ್ರಿ ಅವರ ಮುಖ್ಯ ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ. ಹಾಲಿನ ಡೇರಿಯ ಮೂಲೆಯವನು ಪಾದ ಹಿಡಿದ, ಉಳಿದವರು ಸರಪಳಿ ಬಿಗಿದು ಮೇಲೆ ಬಿದ್ದರು. ಚಿರತೆ ಮಧ್ಯದ ಗೆರೆಗೆ ಕೈ ಚಾಚುತ್ತಲೇ ಇತ್ತು, ಒಂದು ಗೇಣು ಬಾಕಿ. ಇಡೀ ಮೈದಾನ ಒಟ್ಟಿಗೆ ಕೂಗಿತು: "ಬೋನಿಗ್ ಬಿತ್ತು!" ಕೆಳಗೆ ಸಿಕ್ಕಿಕೊಂಡವನೇ ಮೊದಲು ನಕ್ಕ. ನಗು ಬಂದರೆ ಹಿಡಿತ ಸಡಿಲವಾಗುತ್ತೆ ಅಂತ ಡೇರಿಯವರು ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದರು.

ಹೆಸರುಗಳ ಗಲಾಟೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಫ್ಲೆಕ್ಸ್ ಅಂಗಡಿಯಿಂದ ಜೆರ್ಸಿ ಬಂದದ್ದು ಎರಡನೇ ದಿನ. ಬೆಲ್ಲದ ತಂಡದವರು ಹಾಕಿಕೊಂಡು ಮ್ಯಾಟಿಗೆ ಇಳಿದರು. ಏಳು ಬೆನ್ನಿನ ಮೇಲೂ ದಪ್ಪ ಅಕ್ಷರದಲ್ಲಿ 'ಅಲೆಮನೆ'. 'ಆ' ಅಕ್ಷರದ ಬಾಲ ಎಲ್ಲೋ ಬಿದ್ದುಹೋಗಿತ್ತು. ಹತ್ತು ಜನ ತಿರುಗಿ, ಕಾಗುಣಿತದ ಸದಸ್ಯನನ್ನು ನೋಡಿದರು.

ಈಗ ಮಂಡ್ಯದ ಗದ್ದೆ ಬಯಲಲ್ಲೂ ಸಮುದ್ರದ ಅಲೆ ಏಳುತ್ತಿದೆ. ಪಟ್ನಾದವರನ್ನು ಒಂದು ಸ್ನೇಹಪೂರ್ವಕ ಪಂದ್ಯಕ್ಕೆ ಕರೆಯೋಣವೇ ಎಂದು ಯುವ ಮುಖಂಡರು ಕೇಳುತ್ತಿದ್ದಾರೆ.