ವಾಲಿಗೆ ಮಣಿಕಟ್ಟು ಗಟ್ಟಿ ಅಂದರೆ ಹಿಡಿತ ಬಿಗಿ ಅಂತಲ್ಲ

ಟೆನಿಸ್‌ನಲ್ಲಿ ಚೆಂಡು ನೆಲಕ್ಕೆ ಬೀಳುವ ಮುನ್ನವೇ ಹೊಡೆಯುವ ವಾಲಿಗೆ ಈ ಸಲಹೆ ಕೇಳಿರುತ್ತೀರಿ: "ನೆಟ್ ಹತ್ತಿರ ವಾಲಿ ಆಡುವಾಗ ಮಣಿಕಟ್ಟು ಗಟ್ಟಿ ಇರಬೇಕು, ಅದಕ್ಕೆ ರಾಕೆಟನ್ನು ಶುರುವಿನಿಂದಲೇ ಬಿಗಿಯಾಗಿ ಹಿಡ್ಕೊಳ್ಳಿ."

ಮೊದಲರ್ಧ ಸರಿ, ಎರಡನೆಯದು ತಪ್ಪು. ಗಟ್ಟಿ ಇರಬೇಕಾದದ್ದು ಮಣಿಕಟ್ಟಿನ ಕೋನ. ರಾಕೆಟಿನ ತಲೆ ಕೈಗಿಂತ ಮೇಲಿರಬೇಕು, ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿರಬೇಕು, ಚೆಂಡು ತಾಗಿದಾಗಲೂ ಆ ಆಕಾರ ಕದಲಬಾರದು. ಬೆರಳುಗಳು ಅಲ್ಲಿಯವರೆಗೆ ಸಡಿಲವಾಗಿಯೇ ಇರಲಿ, ತಾಗುವ ಹೊತ್ತಿಗೆ ಮಾತ್ರ ಬಿಗಿಯಿರಿ. ಮೊದಲೇ ಹಿಂಡಿ ಹಿಡಿದರೆ ಮುಂಗೈ, ಭುಜ ಎರಡೂ ಸೆಟೆದುಕೊಂಡು ರಾಕೆಟ್ ತಡವಾಗಿ ತಿರುಗುತ್ತದೆ.

ಬಲಗೈ ಆಟಗಾರರ ಫೋರ್‌ಹ್ಯಾಂಡ್ ವಾಲಿ ನೋಡೋಣ. ಹಿಡಿತ ಕಾಂಟಿನೆಂಟಲ್ ಗ್ರಿಪ್, ಅಂದರೆ ಸುತ್ತಿಗೆ ಹಿಡಿದಂತೆ. ಎದುರಾಳಿ ಹೊಡೆಯುವ ಕ್ಷಣದಲ್ಲಿ ಸ್ಪ್ಲಿಟ್ ಸ್ಟೆಪ್, ಅಂದರೆ ಎರಡೂ ಕಾಲಲ್ಲಿ ಪುಟ್ಟ ಜಿಗಿತ, ಆಮೇಲೆ ಭುಜ ತಿರುಗಿಸಿದರೆ ಸಾಕು, ರಾಕೆಟ್ ತಾನಾಗಿಯೇ ಬೇಕಾದಷ್ಟು ಹಿಂದೆ ಹೋಗುತ್ತದೆ, ಕೈಯನ್ನು ಬೇರೆ ಎಳೆಯಬೇಕಿಲ್ಲ. ಎಡಗಾಲು ಚೆಂಡಿನ ಕಡೆಗೆ ಓರೆಯಾಗಿ ಮುಂದಿಟ್ಟು, ಮೈಗಿಂತ ಮುಂದೆಯೇ ಚೆಂಡನ್ನು ತಾಗಿಸಿ. ಎದುರಿನವರ ಹೊಡೆತದಲ್ಲೇ ವೇಗ ಇದೆ ಅಲ್ವಾ, ಉಳಿದ ಭಾರ ಆ ಹೆಜ್ಜೆಯಿಂದ ಬರುತ್ತದೆ.

ತಪ್ಪು ಎಲ್ಲಿದೆ ಅಂತ ಚೆಂಡೇ ಹೇಳುತ್ತದೆ. ಫೋರ್‌ಹ್ಯಾಂಡ್ ವಾಲಿ ಪದೇಪದೇ ಬಲಬದಿಗೆ ಆಚೆ ಹೋಗುತ್ತಿದ್ದರೆ ನೀವು ಚೆಂಡಿಗೆ ತಡವಾಗಿದ್ದೀರಿ, ಹೆಚ್ಚಾಗಿ ಕಾರಣ ದೊಡ್ಡ ಬ್ಯಾಕ್‌ಸ್ವಿಂಗ್ ಅಥವಾ ಈ ಸೆಟೆದ ತೋಳು. ನೆಟ್‌ಗೆ ಬೀಳುತ್ತಿದ್ದರೆ ರಾಕೆಟಿನ ತಲೆ ಕುಸಿದಿದೆಯಾ ನೋಡಿ. ಕೆಳಗಿನ ಚೆಂಡಿಗೆ ಮಣಿಕಟ್ಟು ಇಳಿಸಬೇಡಿ, ಮಂಡಿ ಬಗ್ಗಿಸಿ.

ಚೆಂಡನ್ನು ನೆಟ್ ದಾಟಿಸಿ ಅಲ್ಲೇ ಹತ್ತಿರ ಮೆಲ್ಲಗೆ ಬೀಳಿಸುವ ಡ್ರಾಪ್ ವಾಲಿಗಂತೂ ಬಿಗಿ ಹಿಡಿತ ಆಗುವುದೇ ಇಲ್ಲ. ಅಲ್ಲಿ ತಾಗುವಾಗಲೂ ಬೆರಳು ಮೆತ್ತಗೇ ಇರಬೇಕು. ಇನ್ನು, ನೇರ ಮೈಮೇಲೆ ಬರುವ ವೇಗದ ಚೆಂಡಿಗೆ ಹೆಜ್ಜೆ ಇಡಲು ಸಮಯ ಸಿಗುವುದಿಲ್ಲ, ಆಗ ಬ್ಯಾಕ್‌ಹ್ಯಾಂಡ್ ಬದಿಯ ರಾಕೆಟ್ ಮುಖವನ್ನು ಎದೆಯ ಮುಂದೆ ಹಿಡಿದು ತಡೆದರೆ ಸಾಕು.